ಊದಿದ ಕೆಚ್ಚಲು, ಕುಂಟುವ ಕಾಲು: ಫೋಟೋ ಹೇಳುವುದೆಷ್ಟು?

ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ಬರುವ ಹೊತ್ತಿಗೆ ಹಳ್ಳಿಯ ಪಶುವೈದ್ಯರ ಮೊಬೈಲಿಗೆ ಫೋಟೋಗಳು ಬರತೊಡಗುತ್ತವೆ. ಒಂದರಲ್ಲಿ ಚೊಚ್ಚಲ ಗಬ್ಬದ ಕಡಸು. ಕೆಚ್ಚಲು ಬಿರಿಯುವಂತೆ ಊದಿ, ಊತ ಹೊಟ್ಟೆಯಡಿ ಹೊಕ್ಕುಳದವರೆಗೂ ಹರಡಿದೆ. ‘ಅರ್ಜೆಂಟ್ ಸಾರ್’ ಎಂಬ ಸಾಲು ಬೇರೆ. ಇನ್ನೊಂದರಲ್ಲಿ ಕರು ಹಾಕಿ ಮೂರು ದಿನವಾದ ಹಸು. ಕೆಚ್ಚಲು ನೋಡಲು ಹೆಚ್ಚುಕಡಿಮೆ ಸರಿಯಾಗಿಯೇ ಇದೆ, ಹಸು ಮಾತ್ರ ತಲೆ ತಗ್ಗಿಸಿ ನಿಂತಿದೆ. ಅದರ ಕೆಳಗೆ, ‘ಯಾಕೋ ಸಪ್ಪಗೈತೆ, ಬಿಡುವಾದಾಗ ನೋಡಿ’ ಎಂಬ ಬರಹ. ಅನುಭವಿ ವೈದ್ಯರು ಬೈಕು ತಿರುಗಿಸುವುದು ಎರಡನೆಯ ಮನೆಯ ಕಡೆಗೆ.

ಊತದ ಗಾತ್ರಕ್ಕೂ ಅವಸರಕ್ಕೂ ನೇರ ಸಂಬಂಧವಿಲ್ಲ. ಕುಂಟುವಿಕೆಗೂ ಇದೇ ಮಾತು ಸಲ್ಲುತ್ತದೆ. ನೋಡಿದವರ ಎದೆ ಧಸಕ್ಕೆನ್ನುವಂತೆ ಕಾಲೆಳೆಯುವ ಹಸು ವಾರ ಕಾಯಬಹುದು, ಮಳೆಗಾಲದಲ್ಲಿ ಸ್ವಲ್ಪವೇ ಕುಂಟುವ ಕೊಬ್ಬಿದ ಕರು ಸಂಜೆಯವರೆಗೂ ಉಳಿಯದಿರಬಹುದು. ಹಾಗಾಗಿ ಫೋಟೋ ನೋಡುವವರು, ದನದ ಯಜಮಾನರೇ ಆಗಲಿ ವೈದ್ಯರೇ ಆಗಲಿ, ಊದಿದ ಜಾಗವನ್ನಷ್ಟೇ ನೋಡಿದರೆ ಎಡವುತ್ತಾರೆ. ಇನ್ನೊಂದು ಅಸಮತೋಲನವೂ ಇದೆ. ‘ಇವತ್ತೇ ಡಾಕ್ಟರು ಬೇಕು’ ಎಂದು ಹೇಳುವ ಶಕ್ತಿ ಫೋಟೋಗೆ ಇದೆ. ‘ಇವತ್ತು ಬೇಡ’ ಎಂದು ಹೇಳುವ ಶಕ್ತಿ ಅದೊಂದಕ್ಕೇ ಇಲ್ಲ. ಅದಕ್ಕೆ ಕೈಯಿಂದ ಮುಟ್ಟಿ ನೋಡಿದ್ದು, ಹಾಲು ಹಿಂಡಿ ನೋಡಿದ್ದು, ಥರ್ಮಾಮೀಟರ್ ತೋರಿಸಿದ್ದು ಜೊತೆಗೂಡಬೇಕು.

ಮೊದಲು ಆ ಕಡಸಿನ ವಿಷಯ. ಕರು ಹಾಕುವುದಕ್ಕೆ ಕೆಲವು ದಿನ ಮುಂಚೆ ಕೆಚ್ಚಲಿಗೆ ರಕ್ತದ ಹರಿವು ಜಾಸ್ತಿಯಾಗುತ್ತದೆ. ಹೊಟ್ಟೆಯೊಳಗಿನ ಕರುವಿನ ಭಾರದಿಂದ ಆ ರಕ್ತ ಹಿಂದಿರುಗುವುದು ನಿಧಾನವಾಗುತ್ತದೆ. ನೀರಿನಂಶ ಚರ್ಮದ ಅಡಿಯಲ್ಲಿ ತುಂಬಿಕೊಳ್ಳುತ್ತದೆ. ಮೊದಲ ಸಲ ಗಬ್ಬವಾದ ಕಡಸುಗಳಲ್ಲಿ ಇದು ಹೆಚ್ಚು. ಈ ಊತ ಸಾಮಾನ್ಯವಾಗಿ ನಾಲ್ಕೂ ಮೊಲೆಗಳ ಭಾಗಕ್ಕೆ ಸಮನಾಗಿ ಹರಡಿರುತ್ತದೆ, ಎಡ ಬಲ ಒಂದೇ ತೆರ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ನಾದಿದ ಚಪಾತಿ ಹಿಟ್ಟಿನಲ್ಲಿ ಉಳಿಯುವಂತೆ ಗುಳಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಬಿಸಿ ಇರುವುದಿಲ್ಲ, ಮುಟ್ಟಿದರೆ ಕಡಸು ಒದೆಯುವುದಿಲ್ಲ, ಮೇವು ತಿನ್ನುವುದನ್ನು ಬಿಟ್ಟಿರುವುದಿಲ್ಲ. ಕರು ಹಾಕಿದ ಮೇಲೆ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಇಳಿಯದೆ ಉಳಿದರೆ, ಮೊಲೆಯೇ ಹಿಡಿಗೆ ಸಿಗದಷ್ಟು ಊದಿದರೆ ವೈದ್ಯರಿಗೆ ತೋರಿಸಬೇಕು, ಆದರೆ ಅದು ಓಡೋಡಿ ಮಾಡುವ ಕೆಲಸವಲ್ಲ.

ಈ ಗುಳಿ ಬೀಳುವುದನ್ನು ಫೋಟೋದಲ್ಲೂ ತೋರಿಸಬಹುದು. ಬೆರಳು ಒತ್ತಿ ತೆಗೆದ ಕೂಡಲೇ, ಬೆಳಕು ಪಕ್ಕದಿಂದ ಬೀಳುವಂತೆ ನಿಂತು ಹತ್ತಿರದಿಂದ ಕ್ಲಿಕ್ಕಿಸಿದರೆ ಗುಳಿಯ ನೆರಳು ಕಾಣುತ್ತದೆ. ಹಾಗೆ ತೆಗೆದ ಒಂದು ಚಿತ್ರ, ಇಡೀ ಕೆಚ್ಚಲಿನ ಹತ್ತು ಚಿತ್ರಗಳಿಗಿಂತ ವೈದ್ಯರಿಗೆ ಹೆಚ್ಚು ಉಪಯೋಗ.

ಕೆಚ್ಚಲು ಬಾವು ಇದಕ್ಕೆ ಬಹುಮಟ್ಟಿಗೆ ತಿರುಗುಮುರುಗು. ಹಸುವಿನ ಕೆಚ್ಚಲು ಹೊರಗೆ ಒಂದೇ ಆಗಿ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಕೋಣೆಗಳು. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ರೋಗಾಣು ಮೊಲೆಯ ತುದಿಯ ರಂಧ್ರದಿಂದ ಒಳಹೊಕ್ಕು ಸಾಮಾನ್ಯವಾಗಿ ಒಂದು ಭಾಗವನ್ನು ಹಿಡಿಯುತ್ತದೆ. ಆದ್ದರಿಂದಲೇ ಹಿಂದಿನಿಂದ ತೆಗೆದ ಫೋಟೋದಲ್ಲಿ ವೈದ್ಯರು ಮೊದಲು ಹುಡುಕುವುದು ಎಡ ಬಲದ ವ್ಯತ್ಯಾಸವನ್ನು. ಒಂದು ಕಡೆ ಚರ್ಮದ ಸುಕ್ಕು ಮಾಯವಾಗಿ ಬಿಗಿದು ಹೊಳೆಯುತ್ತಿದೆಯೇ? ಒಂದು ಮೊಲೆ ಹೊರಕ್ಕೆ ತಿರುಗಿದೆಯೇ? ಅಥವಾ, ಇದೂ ನಡೆಯುವುದುಂಟು, ಒಂದು ಭಾಗ ಉಳಿದವಕ್ಕಿಂತ ಕುಗ್ಗಿದೆಯೇ? ಕುಗ್ಗಿ ಗಟ್ಟಿಯಾಗಿದ್ದರೆ ಅದು ಹಳೆಯ ಬಾವಿನ ಕುರುಹು, ಇವತ್ತಿನ ತುರ್ತಲ್ಲ.

ಬಾವಿನಲ್ಲೂ ಮೆಟ್ಟಿಲುಗಳಿವೆ. ಹಾಲಿನಲ್ಲಿ ಮಾತ್ರ ಚೂರು ಚೂರು ಗರಣೆ, ಕೆಚ್ಚಲೂ ಹಸುವೂ ಚೆನ್ನಾಗಿದ್ದರೆ ಅದು ಸೌಮ್ಯ. ಹಾಲಿನ ಜೊತೆ ಕೆಚ್ಚಲಿನ ಆ ಭಾಗವೂ ಬಿಸಿಯಾಗಿ, ಗಟ್ಟಿಯಾಗಿ, ನೋಯುತ್ತಿದ್ದರೆ ಮಧ್ಯಮ. ಹಸುವೇ ಕಾಯಿಲೆ ಬಿದ್ದಂತಿದ್ದರೆ, ಅಂದರೆ ಮೇವು ಬಿಟ್ಟು, ಮೆಲುಕು ನಿಂತು, ಜ್ವರವೋ ನಡುಕವೋ ಭೇದಿಯೋ ಇದ್ದರೆ ತೀವ್ರ. ಮೊದಲ ಎರಡರಲ್ಲಿ ಇವತ್ತು ಫೋನಿನಲ್ಲಿ ಮಾತಾಡಿ, ನಾಳೆಯೊಳಗೆ ತೋರಿಸಿದರೂ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ. ಮೂರನೆಯದರಲ್ಲಿ ಲೆಕ್ಕ ಗಂಟೆಗಳದು. ಈ ಮೂರನ್ನೂ ಬೇರ್ಪಡಿಸುವುದು ಊತದ ಅಳತೆ ಅಲ್ಲ ಎಂಬುದನ್ನು ಗಮನಿಸಬೇಕು. ಬೇರ್ಪಡಿಸುವುದು ಹಾಲು ಮತ್ತು ಹಸುವಿನ ಮುಖ.

ಒಂದು ಮಾದರಿ ಪ್ರಸಂಗವನ್ನು ಹಂತ ಹಂತವಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಂಡ್ಯ ಕಡೆಯ ಒಂದು ಕೊಟ್ಟಿಗೆ ಎಂದುಕೊಳ್ಳೋಣ. ಮೂರನೇ ಸೂಲಿನ ಸೀಮೆ ಹಸು. ಯಜಮಾನರು ಕಳಿಸಿದ್ದು ಹಿಂಗಾಲಿನ ಫೋಟೋ.

“ಸಾರ್, ಎಡಗಾಲು ಕುಂಟ್ತಾ ಐತೆ. ಗೊರಸ್ಗೆ ಮೊಳೆಗಿಳೆ ಚುಚ್ಚೈತಾ ಅಂತ ಎತ್ತಿ ನೋಡ್ದೆ, ಏನೂ ಇಲ್ಲ. ನಾಳಿಕ್ ಬಂದ್ರೂ ಆಯ್ತು.”

ವೈದ್ಯರು ಫೋಟೋ ದೊಡ್ಡದು ಮಾಡಿ ನೋಡುತ್ತಾರೆ. ಗೊರಸು ನೆಲಕ್ಕೆ ಪೂರ್ತಿ ಊರಿದೆ. ನೋಯುವ ಗೊರಸನ್ನು ಹಸು ಹೀಗೆ ಊರುವುದಿಲ್ಲ, ತುದಿ ಮಾತ್ರ ಮುಟ್ಟಿಸಿ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತದೆ. ಗೊರಸಿನ ಮೇಲಾಗಲಿ ಕೀಲಿನಲ್ಲಾಗಲಿ ಊತವಿಲ್ಲ. ಆದರೆ ಕಾಲು ಹೊರಕ್ಕೆ ಸರಿದಿದೆ, ತೊಡೆಗೂ ಕೆಚ್ಚಲಿಗೂ ನಡುವೆ ಏನನ್ನೋ ತಾಗಿಸದೆ ನಿಂತಂತಿದೆ. ಇನ್ನೊಂದು ಸಂಗತಿ ಫೋಟೋದ ಮೂಲೆಯಲ್ಲಿದೆ, ಯಜಮಾನರು ಅದನ್ನು ತೋರಿಸಬೇಕೆಂದು ತೆಗೆದದ್ದಲ್ಲ: ಹಿಂದೆ ಗೋದಲಿಯಲ್ಲಿ ಹಸಿರು ಮೇವು ಹಾಕಿದ ಹಾಗೇ ಇದೆ.

“ಕರು ಹಾಕಿ ಎಷ್ಟು ದಿನ ಆಯ್ತಣ್ಣ?”

“ಐದು ದಿನ ಸಾರ್.”

“ಹಿಂದ್ಗಡೆಯಿಂದ, ಕುಕ್ಕುರುಗಾಲಲ್ಲಿ ಕೂತು, ಬಾಲ ಪಕ್ಕಕ್ಕೆ ಸರಿಸಿ ಕೆಚ್ಚಲಿಂದು ಒಂದು ಫೋಟೋ ತೆಗೀರಿ. ಒದ್ದೀತು, ಸ್ವಲ್ಪ ದೂರದಿಂದ್ಲೇ.”

ಎರಡನೇ ಫೋಟೋದಲ್ಲಿ ಎಡ ಹಿಂಭಾಗ ಬಲಕ್ಕಿಂತ ಕೊಂಚವೇ ತುಂಬಿದೆ. ಗೊತ್ತಿಲ್ಲದವರು ‘ಹಾಲು ಕಟ್ಟಿದೆ’ ಎಂದು ಸುಮ್ಮನಾಗುವಷ್ಟು ಸಣ್ಣ ವ್ಯತ್ಯಾಸ. ವೈದ್ಯರು ಮುಂದಿನದನ್ನು ಕೇಳುತ್ತಾರೆ: ಕಪ್ಪು ಬಣ್ಣದ ಒಂದು ತಟ್ಟೆಯಲ್ಲಿ ಎಡಗಡೆಗೆ ಆ ಮೊಲೆಯ ನಾಲ್ಕು ಧಾರೆ, ಬಲಗಡೆಗೆ ಚೆನ್ನಾಗಿರುವ ಮೊಲೆಯ ನಾಲ್ಕು ಧಾರೆ, ಎರಡೂ ಬೆರೆಯದ ಹಾಗೆ. ಮೂರನೇ ಫೋಟೋ ಬರುತ್ತದೆ. ಬಲಗಡೆಯದು ಬಿಳಿ ಹಾಲು. ಎಡಗಡೆಯದನ್ನು ಹಾಲು ಎನ್ನಲಾಗದು. ತಟ್ಟೆಯ ತಳ ಕಾಣುವಷ್ಟು ತೆಳುವಾದ ಹಳದಿ ನೀರು, ಅದರಲ್ಲಿ ಸಣ್ಣ ಸಣ್ಣ ಚೂರುಗಳು. ಥರ್ಮಾಮೀಟರ್ 105 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆ. ಹಸುವಿನ ಸಹಜ ಉಷ್ಣಾಂಶ 101.5ರ ಆಸುಪಾಸು, ಬಿಸಿಲ ಹೊತ್ತಿನಲ್ಲಿ ಸ್ವಲ್ಪ ಏರಬಹುದು. 103.5 ದಾಟಿದರೆ ಅದು ಬಿಸಿಲಿನದೆಂದು ಬಿಡುವಂತಿಲ್ಲ.

ಇಲ್ಲಿ ಕಾಲಿಗೆ ಏನೂ ಆಗಿರಲಿಲ್ಲ. ನಡೆಯುವಾಗ ತೊಡೆ ನೋಯುವ ಕೆಚ್ಚಲಿಗೆ ಒರಸುತ್ತದೆ, ಅದನ್ನು ತಪ್ಪಿಸಲು ಹಸು ಕಾಲನ್ನು ಹೊರಕ್ಕೆ ಎಸೆದು ನಡೆಯುತ್ತದೆ. ನೋಡಿದವರಿಗೆ ಕುಂಟಿದಂತೆ ಕಾಣುತ್ತದೆ. ಹಾಲು ಕೊಡುವ ಹಸು, ಅದರಲ್ಲೂ ಹೊಸದಾಗಿ ಕರು ಹಾಕಿದ ಹಸು, ಹಿಂಗಾಲು ಕುಂಟಿದರೆ ಗೊರಸಿನಷ್ಟೇ ಕೆಚ್ಚಲನ್ನೂ ನೋಡಬೇಕು ಎಂಬುದು ಇದಕ್ಕೇ.

ಆ ತೆಳು ಹಳದಿ ನೀರು ಯಾಕೆ ಅಷ್ಟು ಅಪಾಯಕಾರಿ? ಸಗಣಿಯಲ್ಲಿರುವ ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾ ಕೆಚ್ಚಲಿಗೆ ಹೊಕ್ಕಾಗ ಹೀಗಾಗುವುದು ಸಾಮಾನ್ಯ. ಕರು ಹಾಕಿದ ಹೊಸತರಲ್ಲಿ ಹಸುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಅವು ಸಾಯುವಾಗ ಅವುಗಳ ಹೊರಗೋಡೆಯಿಂದ ಬಿಡುಗಡೆಯಾಗುವ ವಿಷ ರಕ್ತಕ್ಕೆ ಸೇರುತ್ತದೆ. ಆ ಮೇಲೆ ತೊಂದರೆ ಕೆಚ್ಚಲಿನದಾಗಿ ಉಳಿಯುವುದಿಲ್ಲ. ರಕ್ತದೊತ್ತಡ ಕುಸಿದು, ನೀರಿನಂಶ ಕಡಿಮೆಯಾಗಿ, ಕಣ್ಣು ಗುಳಿ ಬಿದ್ದು, ಹಸು ಏಳಲಾಗದೆ ಮಲಗುತ್ತದೆ. ಬೆಳಿಗ್ಗೆ 105 ಇದ್ದ ಜ್ವರ ಸಂಜೆಗೆ 99ಕ್ಕೆ ಇಳಿಯಲೂಬಹುದು. ಮನೆಯವರಿಗೆ ‘ಜ್ವರ ಬಿಟ್ಟಿತು’ ಎಂಬ ಸಮಾಧಾನ, ವೈದ್ಯರಿಗೆ ಮಾತ್ರ ಅದು ಬೆಳಗಿನ 105ಕ್ಕಿಂತ ಕೆಟ್ಟ ಸುದ್ದಿ. ಕಿವಿ ತಣ್ಣಗಾಗಿ, ಮೇವು ಮುಟ್ಟದ ಹಸುವಿನಲ್ಲಿ ಕಡಿಮೆ ಉಷ್ಣಾಂಶವೆಂದರೆ ದೇಹ ಸೋಲುತ್ತಿದೆ ಎಂದರ್ಥ.

ಈ ಹಂತದ ಫೋಟೋ ಇನ್ನೊಂದು ಗೊಂದಲಕ್ಕೂ ದಾರಿ. ಕರು ಹಾಕಿದ ಹಸು ನೆಲಕ್ಕೆ ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಇಟ್ಟುಕೊಂಡಿದ್ದರೆ ಊರಿನವರೆಲ್ಲ ‘ಹಾಲು ಜ್ವರ, ಕ್ಯಾಲ್ಸಿಯಂ ಬಾಟ್ಲಿ ಏರಿಸಿ’ ಎನ್ನುತ್ತಾರೆ. ಹಾಲು ಜ್ವರದಲ್ಲಿ ಹಸು ಹಾಗೆಯೇ ಮಲಗುತ್ತದೆ ಎಂಬುದು ನಿಜ, ಅದರಲ್ಲೂ ಕಿವಿ ತಣ್ಣಗಿರುತ್ತದೆ. ಆದರೆ ಕೆಚ್ಚಲಿನ ವಿಷ ಏರಿದ ಹಸುವೂ ಥೇಟ್ ಹಾಗೇ ಮಲಗಬಹುದು. ಸೋತ ಹೃದಯಕ್ಕೆ ರಕ್ತನಾಳದ ಮೂಲಕ ಸರಸರನೆ ಕ್ಯಾಲ್ಸಿಯಂ ಏರಿಸಿದರೆ ಹೃದಯವೇ ನಿಂತೀತು. ಎರಡನ್ನೂ ಫೋಟೋ ಬಿಡಿಸಿ ಹೇಳದು. ನಾಲ್ಕೂ ಮೊಲೆಗಳಿಂದ ಒಂದೆರಡು ಧಾರೆ ಹಿಂಡಿ ನೋಡಿದರೆ ಸುಳಿವು ಸಿಗುತ್ತದೆ. ಯಾವುದೇ ಆದರೂ ಈಗಲೇ ವೈದ್ಯರು ಬರಬೇಕಾದ ಸ್ಥಿತಿಯೇ, ಆದರೆ ಬಾಟಲಿ ಏರಿಸುವ ಕೈ ವೈದ್ಯರದ್ದೇ ಆಗಿರಬೇಕು.

ಫೋಟೋ ಒಂದರಿಂದಲೇ, ಮರುಪ್ರಶ್ನೆ ಇಲ್ಲದೆ, ತೀರ್ಮಾನಕ್ಕೆ ಬರಬಹುದಾದ ಸ್ಥಿತಿಯೊಂದಿದೆ: ಬಣ್ಣ. ಮೊಲೆಯೋ ಕೆಚ್ಚಲಿನ ಒಂದು ಭಾಗವೋ ಕೆಂಪಿನಿಂದ ನೇರಳೆಗೆ, ನೀಲಿಗೆ, ಕಪ್ಪಿಗೆ ತಿರುಗುತ್ತಿದ್ದರೆ ಅಲ್ಲಿ ರಕ್ತ ಸಂಚಾರ ನಿಂತು ಮಾಂಸ ಸಾಯುತ್ತಿದೆ. ಮುಟ್ಟಿದರೆ ಆ ಜಾಗ ಐಸಿನಷ್ಟು ತಣ್ಣಗಿರುತ್ತದೆ, ಸತ್ತ ಭಾಗಕ್ಕೆ ನೋವೂ ಇರುವುದಿಲ್ಲ. ಹಿಂಡಿದರೆ ರಕ್ತ ಬೆರೆತ ನೀರು, ಕೆಲವೊಮ್ಮೆ ಗಾಳಿಯ ಗುಳ್ಳೆ. ಆ ಭಾಗವನ್ನು ಉಳಿಸುವ ಮಾತು ಬಹುತೇಕ ಮುಗಿದಿರುತ್ತದೆ. ಅವಸರವೆಲ್ಲ ಹಸುವಿನ ಜೀವಕ್ಕಾಗಿ.

ಆದರೆ ಬಣ್ಣ ಕಾಣಬೇಕಲ್ಲ. ಹಳ್ಳಿಯಿಂದ ಬರುವ ಬಹಳಷ್ಟು ಫೋಟೋಗಳಲ್ಲಿ ಕೆಚ್ಚಲು ಅರಿಶಿನ ಮೆತ್ತಿದ ಹಳದಿ ಗೋಡೆಯಾಗಿರುತ್ತದೆ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವುದು ಮೂಢನಂಬಿಕೆಯೇನಲ್ಲ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಅದನ್ನು ಪ್ರಚಾರ ಮಾಡುತ್ತಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಸೌಮ್ಯ ಬಾವಿಗೆ ಅನೇಕರು ಅದನ್ನು ಬಳಸುತ್ತಾರೆ. ತೊಂದರೆ ಲೇಪದ್ದಲ್ಲ, ಸರದಿಯದ್ದು. ಹಚ್ಚಿದ ಮೇಲೆ ಕೆಂಪು ಯಾವುದು, ನೀಲಿ ಯಾವುದು ಎಂದು ಯಾವ ಕ್ಯಾಮೆರಾಕ್ಕೂ ಕಾಣದು. ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಫೋಟೋ ತೆಗೆದ ಮೇಲೆ ಲೇಪ ಹಚ್ಚಿದರೆ ಎರಡೂ ಆಯಿತು. ಕಪ್ಪು ಚರ್ಮದ ಎಮ್ಮೆ, ಕಪ್ಪು ಕೆಚ್ಚಲಿನ ಹಸುಗಳ ವಿಷಯದಲ್ಲಂತೂ ಬಣ್ಣವನ್ನು ನಂಬುವಂತೆಯೇ ಇಲ್ಲ. ಅಲ್ಲಿ ಅಂಗೈ ಹಿಂಭಾಗವನ್ನು ನಾಲ್ಕೂ ಕಡೆ ಮುಟ್ಟಿಸಿ, ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಬರೆದು ಕಳಿಸುವುದೇ ಸರಿ.

ಹಾಲಿನ ಫೋಟೋಕ್ಕೂ ಇಂಥದೇ ಮೋಸವಿದೆ. ಸಂಜೆ ಕೊಟ್ಟಿಗೆಯ ಹಳದಿ ಬಲ್ಬಿನಡಿಯಲ್ಲಿ ಎಲ್ಲ ಹಾಲೂ ಹಳದಿಯಾಗಿಯೇ ಕಾಣುತ್ತದೆ. ಕರು ಹಾಕಿದ ಮೊದಲ ಮೂರ್ನಾಲ್ಕು ದಿನ ಗಿಣ್ಣು ಹಾಲು ತಾನಾಗಿಯೇ ಹಳದಿ, ಮಂದ. ಅದಕ್ಕೇ ಒಂದೇ ತಟ್ಟೆಯಲ್ಲಿ ಎರಡು ಮೊಲೆಯ ಹಾಲು ಇಡುವ ಉಪಾಯ. ಬೆಳಕು ಎರಡಕ್ಕೂ ಒಂದೇ ಆಗಿರುವುದರಿಂದ ಬಣ್ಣ ಹೇಗೇ ಬಂದರೂ ವ್ಯತ್ಯಾಸ ಉಳಿಯುತ್ತದೆ. ಹೊಸದಾಗಿ ಕರು ಹಾಕಿದ ಹಸುವಿನ ನಾಲ್ಕೂ ಮೊಲೆಗಳಲ್ಲಿ ನಸುಗೆಂಪು ಹಾಲು ಬಂದು, ಹಸು ಚುರುಕಾಗಿ ಮೇಯುತ್ತಿದ್ದರೆ ಅದು ಹೆಚ್ಚಾಗಿ ಒಡೆದ ಸಣ್ಣ ರಕ್ತನಾಳಗಳದು, ಗಾಬರಿ ಬೇಡ. ಒಂದೇ ಮೊಲೆಯಿಂದ ಗಾಢ ಕೆಂಪು ನೀರು ಬಂದು ಹಸು ಸಪ್ಪಗಿದ್ದರೆ ಗಾಬರಿ ಬೇಕು.

ಇನ್ನು ನಿಜವಾದ ಕುಂಟು. ಕುಂಟುವುದನ್ನು ನಿಂತ ಚಿತ್ರದಲ್ಲಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಹಸುವಿನ ಬೆನ್ನಿನಲ್ಲಿದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಪ್ರೆಕರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಐದು ಅಂಕಗಳ ಅಳತೆಗೋಲು ಇವತ್ತಿಗೂ ಹೈನುಗಾರಿಕೆಯಲ್ಲಿ ಬಳಕೆಯಲ್ಲಿದೆ. ಅದರಲ್ಲಿ ನೋಡುವುದು ಕಾಲಿಗಿಂತ ಹೆಚ್ಚಾಗಿ ಬೆನ್ನಿನ ಗೆರೆ. ನಿಂತಾಗಲೂ ನಡೆದಾಗಲೂ ಬೆನ್ನು ನೇರವಿದ್ದರೆ 1, ಎಲ್ಲ ಸರಿ. ನಿಂತಾಗ ನೇರ, ನಡೆದಾಗ ಕಮಾನಾದರೆ 2. ಎರಡರಲ್ಲೂ ಕಮಾನಾದರೆ 3. ಒಂದು ಕಾಲನ್ನು ಎಚ್ಚರದಿಂದ, ಒಂದೊಂದೇ ಹೆಜ್ಜೆ ಯೋಚಿಸಿ ಇಟ್ಟಂತೆ ಇಟ್ಟರೆ 4. ಭಾರ ಹಾಕಲು ಒಪ್ಪದಿದ್ದರೆ, ಅಥವಾ ತೀರಾ ಹಿಂಜರಿದರೆ 5. ಒಂದು ಸ್ಥಿರಚಿತ್ರ 1ಕ್ಕೂ 2ಕ್ಕೂ ವ್ಯತ್ಯಾಸ ಹೇಳದು, ಅದಕ್ಕೆ ಪಕ್ಕದಿಂದ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಬೇಕು. ಆದರೆ ಪಕ್ಕದಿಂದ, ಹಸುವಿನ ಎತ್ತರಕ್ಕೇ ಕ್ಯಾಮೆರಾ ಹಿಡಿದು, ಸಿಮೆಂಟು ನೆಲದ ಮೇಲೆ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಕಮಾನು ಕಂಡರೆ 3ಕ್ಕಿಂತ ಕಡಿಮೆ ಇರಲಾರದು ಎಂದು ಹೇಳಬಹುದು.

ಐದಕ್ಕೆ ಇವತ್ತೇ ವೈದ್ಯರು ಬೇಕು, ಕಾರಣ ಯಾವುದೇ ಇರಲಿ. ಮೂಳೆ ಮುರಿದಿರಬಹುದು, ಕೀಲು ತಪ್ಪಿರಬಹುದು, ಗೊರಸಿನೊಳಗೆ ಕೀವು ಕಟ್ಟಿರಬಹುದು. ನಾಲ್ಕಕ್ಕೂ ಅದೇ ದಿನವೋ ಮರುದಿನವೋ. ಎರಡು ಮೂರರ ಹಸು ಮೇವು ತಿನ್ನುತ್ತಿದ್ದರೆ ಆ ವಾರದಲ್ಲಿ ಗೊರಸು ಕತ್ತರಿಸಿ ನೋಡುವವರನ್ನು ಕರೆಯಬಹುದು. ಹಸುಗಳ ಕುಂಟಿನ ಬಹುಪಾಲು ಮೂಲ ಗೊರಸಿನಲ್ಲೇ ಇರುತ್ತದೆ, ಅದರಲ್ಲೂ ಹಿಂಗಾಲಿನ ಹೊರಗಿನ ಗೊರಸಿನಲ್ಲಿ. ಆದ್ದರಿಂದ ಕಾಲನ್ನು ತೊಳೆದು, ಗೊರಸಿನ ಸೀಳು ಕಾಣುವಂತೆ ಮುಂದಿನಿಂದಲೂ ಹಿಂದಿನಿಂದಲೂ ಚಿತ್ರ ತೆಗೆಯುವುದು ಮುಖ್ಯ. ಕೆಸರು ಮೆತ್ತಿದ ಗೊರಸಿನ ಚಿತ್ರ ಕಳಿಸುವುದೂ ಒಂದೇ, ಬಿಡುವುದೂ ಒಂದೇ.

ಇಲ್ಲಿಯೂ ಸಮನಾಗಿ ಇದೆಯೇ ಎಂಬ ಪ್ರಶ್ನೆ ಕೆಲಸಕ್ಕೆ ಬರುತ್ತದೆ, ಉತ್ತರ ಮಾತ್ರ ಬೇರೆ. ಗೊರಸು ಕೊಳೆಯುವ ರೋಗದಲ್ಲಿ ಗೊರಸಿನ ಮೇಲಿನ ಊತ ಎರಡೂ ಕಡೆ ಸಮನಾಗಿ ಬಂದು ಎರಡು ಬೆರಳುಗಳೂ ಅಗಲವಾಗಿ ಸರಿಯುತ್ತವೆ. ನಡುವಿನ ಸೀಳಿನಲ್ಲಿ ಚರ್ಮ ಬಿರಿದು ಕೆಟ್ಟ ನಾತ ಬರುತ್ತದೆ. ನಾತ ಫೋಟೋದಲ್ಲಿ ಬರುವುದಿಲ್ಲ, ಬರೆಯಬೇಕು. ಬೇಗ ಚುಚ್ಚುಮದ್ದು ಸಿಕ್ಕರೆ ಕೆಲವೇ ದಿನಗಳಲ್ಲಿ ಇಳಿಯುವ ಕಾಯಿಲೆ ಇದು. ಊತ ಒಂದೇ ಬೆರಳಿನ ಮೇಲೆ, ಒಂದೇ ಕಡೆ ಇದ್ದರೆ ಸೋಂಕು ಆಳಕ್ಕೆ, ಕೀಲಿಗೆ ಇಳಿದಿರುವ ಅನುಮಾನ. ಅದು ಚುಚ್ಚುಮದ್ದಿಗೆ ಸುಲಭವಾಗಿ ಬಗ್ಗುವುದಿಲ್ಲ, ಕೆಲವೊಮ್ಮೆ ಆ ಬೆರಳನ್ನೇ ತೆಗೆಯಬೇಕಾಗುತ್ತದೆ.

ಮುಂಗಾಲಿನ ಮಂಡಿಯ ಮೇಲೆ ತೆಂಗಿನಕಾಯಿ ಗಾತ್ರದ ಮೆತ್ತನೆಯ ಊತದ ಫೋಟೋ ಕಂಡು ಬೆಚ್ಚುವವರಿದ್ದಾರೆ. ಹುಲ್ಲು ಹಾಸದ ಸಿಮೆಂಟು ನೆಲದಲ್ಲಿ ಮಲಗೇಳುವ ಹಸುಗಳಲ್ಲಿ ಇದು ಸಾಮಾನ್ಯ. ನೋವಿಲ್ಲದಿದ್ದರೆ, ಹಸು ಕುಂಟದಿದ್ದರೆ ಇವತ್ತಿನ ಕೆಲಸವಲ್ಲ. ಸೂಜಿ ಚುಚ್ಚಿ ನೀರು ತೆಗೆಯುವ ಸ್ಥಳೀಯ ಧೈರ್ಯ ಮಾತ್ರ ಬೇಡ. ಹೊರಗಿನ ಸೋಂಕು ಒಳಗೆ ಹೋಗುತ್ತದೆ, ಮೇಲಾಗಿ ಕೆಲವು ಊತಗಳ ಹಿಂದೆ ಮನುಷ್ಯರಿಗೂ ಹರಡುವ ಬ್ರುಸೆಲ್ಲಾ ಇರುವುದುಂಟು.

ಇದಕ್ಕಿಂತ ನಾಟಕೀಯವಾದದ್ದು ಹಿಂಗಾಲಿನ ಮಂಡಿಚಿಪ್ಪು ಸಿಕ್ಕಿಕೊಳ್ಳುವುದು. ಕಾಲು ಮಡಚಲಾಗದೆ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಗೊರಸಿನ ತುದಿ ನೆಲಕ್ಕೆ ಗೀರುತ್ತದೆ, ನಂತರ ಝಟ್ಟನೆ ಎಗರಿ ಮುಂದೆ ಬರುತ್ತದೆ. ವಿಡಿಯೋ ನೋಡಿದರೆ ಕಾಲು ಮುರಿದೇ ಹೋಯಿತೇನೋ ಅನಿಸಬೇಕು. ಹಸು ಮಾತ್ರ ಆರಾಮಾಗಿ ಮೇಯುತ್ತಿರುತ್ತದೆ. ನಿಂತ ಜಾಗದಲ್ಲೇ ಮಾಡಬಹುದಾದ, ಒಂದು ಕಟ್ಟುನಾರನ್ನು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುತ್ತದೆ. ದಿನ ಗೊತ್ತುಮಾಡಿ ಮಾಡಿಸಿದರಾಯಿತು.

ಇದಕ್ಕೆ ನೇರ ಎದುರು ಚಪ್ಪೆ ರೋಗ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೇದು ಮೈತುಂಬಿಕೊಂಡ ಕರುಗಳನ್ನೇ ಇದು ಹೆಚ್ಚಾಗಿ ಹುಡುಕುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬರುವ ಕಾಯಿಲೆ, ಮಳೆಗಾಲದಲ್ಲಿ ಜಾಸ್ತಿ. ಮೊದಲ ಗುರುತು ಬರೀ ಕುಂಟು. ಬೆಳಿಗ್ಗೆ ತೆಗೆದ ಫೋಟೋದಲ್ಲಿ ಕರು ಒಂದು ಕಾಲನ್ನು ಸ್ವಲ್ಪ ಹಗುರಾಗಿ ಇಟ್ಟಿರುವುದಷ್ಟೇ ಕಾಣಬಹುದು. ಊತ ಗೊರಸಿನಲ್ಲಿರುವುದಿಲ್ಲ, ತೊಡೆಯಲ್ಲೋ ಚಪ್ಪೆಯಲ್ಲೋ ಭುಜದಲ್ಲೋ, ಮಾಂಸ ದಪ್ಪ ಇರುವ ಕಡೆ ಇರುತ್ತದೆ. ರೋಮ ಮುಚ್ಚಿರುವುದರಿಂದ ಆರಂಭದಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಹಿಂದಿನಿಂದ ಎರಡೂ ತೊಡೆ ಒಟ್ಟಿಗೆ ಕಾಣುವಂತೆ ತೆಗೆದರೆ ಒಂದು ಕಡೆ ಉಬ್ಬಿರುವುದು ಗೊತ್ತಾಗುತ್ತದೆ. ಮೊದಲು ಬಿಸಿಯಾಗಿ ನೋಯುವ ಆ ಜಾಗ ಆಮೇಲೆ ತಣ್ಣಗಾಗಿ ನೋವಿಲ್ಲದಂತಾಗುತ್ತದೆ, ಅಂಗೈಯಿಂದ ಒತ್ತಿದರೆ ಒಳಗೆ ಗಾಳಿ ಇದ್ದಂತೆ ಚರಚರ ಸದ್ದು. ಆ ಸದ್ದು ಕೇಳುವ ಹೊತ್ತಿಗೆ ಬದುಕಿಸುವ ಅವಕಾಶ ಬಹಳ ಕಿರಿದಾಗಿರುತ್ತದೆ. ಕುಂಟು ಕಂಡ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಹನ್ನೆರಡೇ ಗಂಟೆಯಲ್ಲಿ, ಕರು ಸಾಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಚಪ್ಪೆ ಲಸಿಕೆ ಹಾಕಿಸದ ಎಳೆಯ ದನ ಕುಂಟಿತೆಂದರೆ, ಜ್ವರವೂ ಇದ್ದರೆ, ಫೋಟೋ ಚೆನ್ನಾಗಿ ಬರಲಿ ಎಂದು ಕಾಯುವಂತಿಲ್ಲ. ಫೋನ್ ಮಾಡಬೇಕು. ಸತ್ತರೆ ಕೊಯ್ಯಬಾರದು, ಚರ್ಮ ಸುಲಿಯಬಾರದು. ಬೀಜಕಣಗಳು ಮತ್ತೆ ಅದೇ ಹುಲ್ಲುಗಾವಲಿಗೆ ಸೇರುತ್ತವೆ.

ಕೊಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ದನ ಒಟ್ಟಿಗೆ ಕುಂಟುತ್ತಿದ್ದರೆ ಬಾಯಿಯ ಫೋಟೋ ಬೇಕು. ಜೊಲ್ಲು ಸುರಿಯುತ್ತಿದ್ದು, ನಾಲಿಗೆ, ಒಸಡು, ಗೊರಸಿನ ಸೀಳು, ಮೊಲೆಗಳ ಮೇಲೆ ಬೊಬ್ಬೆಯೋ ಒಡೆದ ಹುಣ್ಣೋ ಇದ್ದರೆ ಕಾಲುಬಾಯಿ ರೋಗದ ಅನುಮಾನ. ದನಗಳನ್ನು ಕೆರೆಗೂ ಸಂತೆಗೂ ಹೊಡೆಯದೆ, ಅವತ್ತೇ ಪಶು ಆಸ್ಪತ್ರೆಗೆ ತಿಳಿಸಬೇಕು. ಇಲ್ಲಿನ ಅವಸರ ಪಕ್ಕದ ಮನೆಯ ದನಗಳ ಸಲುವಾಗಿ.

ಇಷ್ಟೆಲ್ಲ ನೋಡಿದರೆ ವೈದ್ಯರಿಗೆ ಬೇಕಾದ ಚಿತ್ರಗಳು ಹೆಚ್ಚೇನಿಲ್ಲ ಎಂಬುದು ತಿಳಿಯುತ್ತದೆ. ಪಕ್ಕದಿಂದ ಇಡೀ ಹಸು, ಹಿಂದಿನಿಂದ ಕೆಚ್ಚಲು ಮತ್ತು ಎರಡೂ ತೊಡೆ, ತೊಳೆದ ಗೊರಸು, ಕಪ್ಪು ತಟ್ಟೆಯ ಹಾಲು. ಇವುಗಳ ಜೊತೆ ಜನ ಬಹಳಷ್ಟು ಸಲ ಕಳಿಸದೆ ಬಿಡುವ ಒಂದು: ಮುಖ. ಕಣ್ಣು ಗುಳಿ ಬಿದ್ದಿದೆಯೇ, ಕಿವಿ ಜೋತಿದೆಯೇ, ಮೂತಿ ಒಣಗಿದೆಯೇ ಎಂಬುದನ್ನು ಅಲ್ಲಿ ಓದಬಹುದು. ಗೋದಲಿಯೂ ಚೌಕಟ್ಟಿನಲ್ಲಿ ಇರಲಿ. ಬರಹದಲ್ಲಿ ಕರು ಹಾಕಿ ಎಷ್ಟು ದಿನ, ಉಷ್ಣಾಂಶ ಎಷ್ಟು, ಕೊನೆಗೆ ಮೇವು ತಿಂದದ್ದು ಯಾವಾಗ ಎಂಬ ಮೂರು ಸಂಗತಿ ಸಾಕು. ಮನುಷ್ಯರ ಡಿಜಿಟಲ್ ಥರ್ಮಾಮೀಟರೇ ಆಗುತ್ತದೆ, ಗುದದ್ವಾರದೊಳಗೆ ಗೋಡೆಗೆ ತಾಗುವಂತೆ ಹಿಡಿಯಬೇಕು. ಸಗಣಿಯೊಳಗೆ ಹುದುಗಿದರೆ ಅಳತೆ ತಪ್ಪುತ್ತದೆ. ಆಮೇಲೆ ಅದನ್ನು ದನಕ್ಕೇ ಮೀಸಲಿಡಬೇಕೆಂದು ಹೇಳಬೇಕಾಗಿಲ್ಲ. ಊರಿನ ವೈದ್ಯರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ವೈದ್ಯರು ಬರುವವರೆಗೆ ಮಾಡಬಹುದಾದದ್ದು ಕಡಿಮೆ, ಆದರೆ ಅದಕ್ಕೆ ಬೆಲೆಯಿದೆ. ಬಾವು ಬಂದ ಮೊಲೆಯನ್ನು ಕೊನೆಗೆ, ಬೇರೆ ಪಾತ್ರೆಗೆ, ಒಂದೆರಡು ಗಂಟೆಗೊಮ್ಮೆ ಮೆಲ್ಲಗೆ ಹಿಂಡಿ ಖಾಲಿ ಮಾಡಬೇಕು. ನೆಲಕ್ಕೆ ಹಿಂಡಿದರೆ ರೋಗಾಣು ಮುಂದಿನ ಹಸುವಿನ ಮೊಲೆಗೆ ಹತ್ತುತ್ತದೆ. ಕುಡಿಯಲು ನೀರು, ನೆರಳು, ಕೆಳಗೆ ಒಣ ಹುಲ್ಲು. ಹಳೆಯ ಡಬ್ಬಿಯಲ್ಲಿ ಉಳಿದಿರುವ ಅರ್ಧ ಟ್ಯೂಬನ್ನು ಮೊಲೆಗೆ ಏರಿಸುವುದು ಬೇಡ. ಅದರ ತುದಿಯಲ್ಲಿ ಕೂತ ಕೊಳೆಯೂ ಒಳಗೆ ಹೋಗುತ್ತದೆ, ಮುಂದೆ ಹಾಲಿನ ಪರೀಕ್ಷೆ ಮಾಡಿಸಿದರೆ ರೋಗಾಣು ಯಾವುದೆಂದು ಪತ್ತೆಯಾಗುವುದೂ ಕಷ್ಟ.

ಚಿಕಿತ್ಸೆ ಶುರುವಾದ ಮೇಲೆ ಮರುದಿನ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ದೂರದಿಂದ ಇನ್ನೊಂದು ಫೋಟೋ ತೆಗೆದರೆ ಊತ ಇಳಿಯುತ್ತಿದೆಯೇ ಎಂಬುದನ್ನು ವೈದ್ಯರು ಮತ್ತೆ ಬರದೆಯೇ ಹೇಳಬಲ್ಲರು. ಫೋಟೋದ ನಿಜವಾದ ಬಲ ಬಹುಶಃ ಈ ಎರಡನೇ ದಿನದ್ದು. ಕೊಟ್ಟ ಔಷಧದ ಡಬ್ಬಿಯದೂ ಒಂದು ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು, ಎಷ್ಟು ದಿನ ಹಾಲು ಬಳಸಬಾರದು ಎಂಬುದು ಅದರ ಮೇಲೆ ಅಚ್ಚಾಗಿರುತ್ತದೆ. ಔಷಧ ಏರಿಸಿದ್ದು ಒಂದೇ ಮೊಲೆಗಾದರೂ ರಕ್ತದ ಮೂಲಕ ಅದರ ಅಂಶ ಉಳಿದ ಮೂರಕ್ಕೂ ತಲುಪಬಹುದು. ಅಷ್ಟು ದಿನ ನಾಲ್ಕೂ ಮೊಲೆಯ ಹಾಲು ಡೇರಿಯ ಕ್ಯಾನಿಗೆ ಹೋಗುವಂತಿಲ್ಲ, ಮನೆಯ ಕಾಫಿಗೂ ಹೋಗುವಂತಿಲ್ಲ.